‘ಹೆವಿ ರೇನ್’ ಸರಿ, ‘ಸ್ಟ್ರಾಂಗ್ ರೇನ್’ ಯಾಕಲ್ಲ? ಸಮಾನಾರ್ಥಕ ಪದ ಬದಲಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಇಂಗ್ಲಿಷ್ ಬರಹ ತಿದ್ದಿಕೊಡುವ ಕೆಲಸದಲ್ಲಿ ನಾನು ಉತ್ತರಿಸಲು ತಡವರಿಸಿದ್ದು ವ್ಯಾಕರಣದ ಪ್ರಶ್ನೆಗಳಿಗಲ್ಲ. ವ್ಯಾಕರಣಕ್ಕೆ ನಿಯಮವಿದೆ, ತೋರಿಸಿದರೆ ಮುಗಿಯಿತು. ಒಮ್ಮೆ ಒಬ್ಬ ವಿದ್ಯಾರ್ಥಿನಿ ‘ಸ್ಟ್ರಾಂಗ್ ರೇನ್’ ಎಂದು ಬರೆದಿದ್ದಳು. ನಾನು ಗೆರೆ ಎಳೆದು ‘ಹೆವಿ ರೇನ್’ ಎಂದು ತಿದ್ದಿದೆ. ಅವಳು ಹಾಳೆ ಹಿಡಿದುಕೊಂಡು ಬಂದು ಕೇಳಿದಳು: “ಸರ್, ಸ್ಟ್ರಾಂಗ್ ವಿಂಡ್ ಅಂದರೆ ಸರಿಯಂತೆ, ಸ್ಟ್ರಾಂಗ್ ರೇನ್ ಅಂದರೆ ತಪ್ಪಂತೆ. ಗಾಳಿಗೊಂದು ನ್ಯಾಯ, ಮಳೆಗೊಂದು ನ್ಯಾಯವಾ?”

ಅವತ್ತು ನಾನು “ಹಾಗೆ ಹೇಳೋದು ರೂಢಿ ಅಮ್ಮಾ” ಎಂದು ಕಳಿಸಿಬಿಟ್ಟೆ. ಉತ್ತರ ಸುಳ್ಳಲ್ಲ, ಆದರೆ ಅದರಿಂದ ಅವಳಿಗೆ ಮುಂದಿನ ವಾಕ್ಯ ಬರೆಯಲು ಏನೂ ಸಹಾಯವಾಗಲಿಲ್ಲ. ರೂಢಿ ಯಾವುದು ಎಂದು ಕಂಡುಹಿಡಿಯುವುದು ಹೇಗೆ, ಯಾವ ಪದವನ್ನು ಯಾವುದರ ಜಾಗದಲ್ಲಿ ಧೈರ್ಯವಾಗಿ ಇಡಬಹುದು ಎಂಬುದೇ ಅವಳಿಗೆ ಬೇಕಿತ್ತು. ಆ ಉತ್ತರವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು ಕನ್ನಡದ ಕಿವಿಯಿಂದ ಕೇಳಿ

ನಾವು ‘ಭಾರಿ ಮಳೆ’ ಎನ್ನುತ್ತೇವೆ. ‘ಭಾರಿ’ಯ ಒಳಗೆ ‘ಭಾರ’ ಇದೆ, ಅಂದರೆ ತೂಕ. ಇಂಗ್ಲಿಷಿನ ‘ಹೆವಿ’ಯ ಮೂಲ ಅರ್ಥವೂ ಅದೇ. ಹಾಗಿದ್ದರೆ ‘ನಿನ್ನೆ ಭಾರವಾದ ಮಳೆ ಬಂತು’ ಎಂದು ಯಾಕೆ ಹೇಳುವುದಿಲ್ಲ? ಅರ್ಥ ಆಗುತ್ತದೆ, ವ್ಯಾಕರಣ ಕೆಡುವುದಿಲ್ಲ, ಆದರೂ ಕಿವಿಗೆ ಚುಚ್ಚುತ್ತದೆ. ಅದೇ ಮನಸ್ಸಿನ ವಿಷಯಕ್ಕೆ ಬಂದರೆ ಲೆಕ್ಕ ತಿರುಗುಮುರುಗಾಗುತ್ತದೆ. ‘ಭಾರವಾದ ಮನಸ್ಸಿನಿಂದ ಹೊರಟೆ’ ಎನ್ನುತ್ತೇವೆ, ‘ಭಾರಿ ಮನಸ್ಸಿನಿಂದ ಹೊರಟೆ’ ಎಂದರೆ ಕೇಳಿದವರು ಮುಖ ನೋಡುತ್ತಾರೆ. ಒಂದೇ ಬೇರಿನ ಎರಡು ಪದ. ಒಂದು ಮಳೆಯ ಪಕ್ಕ ನಿಲ್ಲುತ್ತದೆ, ಇನ್ನೊಂದು ಮನಸ್ಸಿನ ಪಕ್ಕ.

ಇನ್ನೊಂದು ಜೋಡಿ ನೋಡಿ: ‘ಕಡು’ ಮತ್ತು ‘ಗಾಢ’. ಬಣ್ಣದ ವಿಷಯದಲ್ಲಿ ಎರಡೂ ಒಂದೇ. ಕಡುನೀಲಿ ಎಂದರೂ ಗಾಢ ನೀಲಿ ಎಂದರೂ ಯಾರೂ ತಡೆಯುವುದಿಲ್ಲ. ಇದನ್ನು ನಂಬಿಕೊಂಡು ‘ಇವೆರಡೂ ಸಮಾನಾರ್ಥಕ’ ಎಂದು ಪಟ್ಟಿಯಲ್ಲಿ ಬರೆದುಕೊಂಡರೆ ಮುಂದಿನ ಸಾಲಿನಲ್ಲೇ ಎಡವುತ್ತೇವೆ. ಕಡುಬಡವ ಇದ್ದಾನೆ, ‘ಗಾಢ ಬಡವ’ ಇಲ್ಲ. ಗಾಢ ನಿದ್ರೆ ಇದೆ, ‘ಕಡುನಿದ್ರೆ’ ಇಲ್ಲ. ಅಂದರೆ ಆ ಎರಡು ಪದಗಳು ಸಮಾನಾರ್ಥಕವಾಗಿರುವುದು ಬಣ್ಣದಂಥ ಕೆಲವು ಪದಗಳ ಮುಂದೆ ಮಾತ್ರ.

ಹೀಗೆ ಪದಗಳು ಕೆಲವು ಪದಗಳ ಜೊತೆ ಮಾತ್ರ ಒಡನಾಡುವುದನ್ನು ಭಾಷಾವಿಜ್ಞಾನದಲ್ಲಿ ‘ಕಾಲೊಕೇಶನ್’ ಎನ್ನುತ್ತಾರೆ. ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1950ರ ದಶಕದಲ್ಲಿ ಈ ವಿಚಾರವನ್ನು ಮುಂದಿಟ್ಟರು. ಒಂದು ಪದ ಏನೆಂದು ತಿಳಿಯಬೇಕಾದರೆ ಅದರ ಸಹವಾಸ ನೋಡಬೇಕು ಎಂಬುದು ಅವರ ಮಾತಿನ ಸಾರ. ಅವರ ಶಿಷ್ಯ ಹ್ಯಾಲಿಡೇ 1966ರಲ್ಲಿ ‘ಸ್ಟ್ರಾಂಗ್’ ಮತ್ತು ‘ಪವರ್‌ಫುಲ್’ ಪದಗಳನ್ನೇ ಹಿಡಿದು ಇದನ್ನು ವಿವರಿಸಿದರು. ವಾದ ಅಂದರೆ ಆರ್ಗ್ಯುಮೆಂಟ್ ‘ಸ್ಟ್ರಾಂಗ್’ ಆಗಬಹುದು, ‘ಪವರ್‌ಫುಲ್’ ಕೂಡ ಆಗಬಹುದು. ಆದರೆ ಟೀ ‘ಸ್ಟ್ರಾಂಗ್’ ಮಾತ್ರ, ಕಾರು ‘ಪವರ್‌ಫುಲ್’ ಮಾತ್ರ. ನಮ್ಮ ಕಡು–ಗಾಢದ ಕಥೆಯೇ ಅಲ್ಲಿಯೂ ನಡೆದಿದೆ.

ಮಳೆಗೆ ‘ಹೆವಿ’ ಯಾಕೆ?

ಅರ್ಧ ಉತ್ತರ ಅರ್ಥದಲ್ಲಿದೆ. ‘ಹೆವಿ’ ಹೇಳುವುದು ಒಟ್ಟು ಪ್ರಮಾಣವನ್ನು, ಮೇಲೆ ಬಿದ್ದ ಹೊರೆಯನ್ನು. ಮಳೆ, ಹಿಮಪಾತ, ವಾಹನ ದಟ್ಟಣೆ, ನಷ್ಟ ಇವೆಲ್ಲ ‘ಇಷ್ಟು’ ಎಂದು ಅಳೆಯುವಂಥವು, ಎಲ್ಲಕ್ಕೂ ‘ಹೆವಿ’ ಹೊಂದುತ್ತದೆ. ‘ಸ್ಟ್ರಾಂಗ್’ ಹೇಳುವುದು ಒಂದು ವಸ್ತು ಇನ್ನೊಂದನ್ನು ತಳ್ಳುವ, ಎಳೆಯುವ, ತಡೆದುಕೊಳ್ಳುವ ಶಕ್ತಿಯನ್ನು. ಗಾಳಿ ತಳ್ಳುತ್ತದೆ, ನದಿಯ ಸೆಳೆತ ಎಳೆಯುತ್ತದೆ. ಹಾಗಾಗಿ ‘ಸ್ಟ್ರಾಂಗ್ ವಿಂಡ್’, ‘ಸ್ಟ್ರಾಂಗ್ ಕರೆಂಟ್’. ಹವಾಮಾನದ ಪರಿಭಾಷೆಯಲ್ಲಿಯೂ ಮಳೆಯನ್ನು ‘ಲೈಟ್’, ‘ಮಾಡರೇಟ್’, ‘ಹೆವಿ’ ಎಂದೇ ವಿಂಗಡಿಸುತ್ತಾರೆ. ಅಮೆರಿಕದ ಹವಾಮಾನ ಪರಿಭಾಷೆಯ ಪ್ರಕಾರ ಗಂಟೆಗೆ 7.6 ಮಿಲಿಮೀಟರ್ ದಾಟಿದರೆ ಅದು ‘ಹೆವಿ’. ಅಳತೆ ನೀರಿನದು, ಹೊಡೆತದ್ದಲ್ಲ.

ಆದರೆ ಈ ಅರ್ಧ ಉತ್ತರವನ್ನೇ ಪೂರ್ತಿ ನಂಬಬಾರದು. ಜರ್ಮನ್ ಭಾಷೆಯಲ್ಲಿ ಜೋರು ಮಳೆಗೆ ‘ಶ್ಟಾರ್ಕರ್ ರೇಗನ್’ ಎನ್ನುತ್ತಾರೆ. ಪದಶಃ ಅದು ‘ಸ್ಟ್ರಾಂಗ್ ರೇನ್’. ಫ್ರೆಂಚರ ‘ಫೋರ್ತ್ ಪ್ಲುಯಿ’, ಸ್ಪ್ಯಾನಿಷರ ‘ಯುವಿಯಾ ಫ್ವೆರ್ತೆ’ ಎರಡರಲ್ಲಿಯೂ ಇರುವುದು ‘ಬಲವಾದ’ ಎಂಬ ಪದವೇ. ಅದೇ ಮೋಡ, ಅದೇ ನೀರು. ಇಂಗ್ಲಿಷರು ತೂಕದ ಕಡೆಯಿಂದ ನೋಡಿದರು, ಅವರು ಬಲದ ಕಡೆಯಿಂದ ನೋಡಿದರು. ಆದ್ದರಿಂದ ‘ಮಳೆಯ ಸ್ವಭಾವವೇ ಹೆವಿ’ ಎಂಬ ತರ್ಕ ನಿಲ್ಲುವುದಿಲ್ಲ. ಅರ್ಥ ನೋಡಿ ಜೋಡಿಯನ್ನು ನೆನಪಿಟ್ಟುಕೊಳ್ಳಬಹುದು, ಅರ್ಥ ನೋಡಿ ಜೋಡಿಯನ್ನು ಊಹಿಸಲಾಗದು. ಊಹಿಸಲಾಗದ್ದನ್ನು ಪರೀಕ್ಷಿಸಬೇಕು. ಮುಂದಿನ ಹೆಜ್ಜೆಗಳೆಲ್ಲ ಆ ಪರೀಕ್ಷೆಗಳೇ.

ಹೆಜ್ಜೆ 1: ನಾಮಪದವನ್ನು ಹಿಡಿದುಕೊಳ್ಳಿ, ವಿಶೇಷಣವನ್ನಲ್ಲ

ಸಾಮಾನ್ಯವಾಗಿ ನಾವು ಮಾಡುವುದು ಇದರ ಉಲ್ಟಾ. ‘ಹೆವಿ’ ಎರಡು ಸಲ ಬಂತು ಎಂದು ಸಮಾನಾರ್ಥಕ ಕೋಶ ತೆರೆದು ‘ಹೆವಿ’ಯ ಕೆಳಗೆ ಏನಿದೆ ನೋಡುತ್ತೇವೆ. ಅಲ್ಲಿ ‘ವೆಯ್ಟಿ’, ‘ಹೆಫ್ಟಿ’, ‘ಮ್ಯಾಸಿವ್’ ಥರದ ಪದಗಳು ಸಾಲಾಗಿ ಸಿಗುತ್ತವೆ. ಆ ಪಟ್ಟಿ ಮಾಡಿದವರಿಗೆ ನಿಮ್ಮ ವಾಕ್ಯದಲ್ಲಿ ಮಳೆ ಇದೆ ಎಂದು ಗೊತ್ತಿರಲಿಲ್ಲ. ಪೆಟ್ಟಿಗೆಗೂ ಮಳೆಗೂ ನಷ್ಟಕ್ಕೂ ಹೊಂದುವ ಪದಗಳೆಲ್ಲ ಒಂದೇ ಬುಟ್ಟಿಯಲ್ಲಿರುತ್ತವೆ.

ಬದಲಿಗೆ ‘ರೇನ್’ ಎಂಬ ಪದದ ಕಡೆಯಿಂದ ಹೊರಡಿ. ‘ತುಂಬಾ’ ಎನ್ನಲು ಈ ನಾಮಪದ ಯಾವ ಪದಗಳನ್ನು ಕರೆಯುತ್ತದೆ ಎಂದು ಕೇಳಿ. ಕಾಲೊಕೇಶನ್ ನಿಘಂಟುಗಳನ್ನು ಜೋಡಿಸಿರುವುದೂ ಹೀಗೆಯೇ. ನಾಮಪದದ ಕೆಳಗೆ ವಿಶೇಷಣಗಳು, ಆಮೇಲೆ ಕ್ರಿಯಾಪದಗಳು ಇರುತ್ತವೆ. ‘ರೇನ್’ ಕೆಳಗೆ ‘ಹೆವಿ’, ‘ಟೊರೆನ್ಶಿಯಲ್’, ‘ಪೋರಿಂಗ್’, ‘ಡ್ರೈವಿಂಗ್’, ‘ಸ್ಟೆಡಿ’, ‘ಪರ್ಸಿಸ್ಟೆಂಟ್’ ಮುಂತಾದವು ಸಿಗುತ್ತವೆ.

ಸಿಕ್ಕವೆಲ್ಲ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ‘ಟೊರೆನ್ಶಿಯಲ್’ ಎಂದರೆ ನಮ್ಮ ಕುಂಭದ್ರೋಣ ಮಳೆ, ‘ಹೆವಿ’ಗಿಂತ ಒಂದು ಮೆಟ್ಟಿಲು ಮೇಲೆ. ‘ಸ್ಟೆಡಿ’ ಎಂದರೆ ಬಿಡದೆ ಒಂದೇ ಸಮ ಬರುವ ಮಳೆ, ಅದು ಜೋರಾಗಿರಬೇಕೆಂದಿಲ್ಲ. ‘ಡ್ರೈವಿಂಗ್ ರೇನ್’ ಎಂದರೆ ಗಾಳಿ ಓರೆಯಾಗಿ ಹೊಡೆದುಕೊಂಡು ಬರುವ ಮಳೆ, ಕೊಡೆ ಹಿಡಿದರೂ ಮುಖ ತೋಯಿಸುವಂಥದ್ದು. ನನ್ನ ಅನುಭವದಲ್ಲಿ ‘ಸ್ಟ್ರಾಂಗ್ ರೇನ್’ ಎಂದು ಬರೆದ ಎಷ್ಟೋ ಜನರಿಗೆ ನಿಜವಾಗಿ ಹೇಳಬೇಕಾಗಿರುವುದು ಈ ‘ಡ್ರೈವಿಂಗ್ ರೇನ್’. ಅವರ ಕಣ್ಣ ಮುಂದೆ ಇರುವುದು ಹೊಡೆತ, ಪ್ರಮಾಣವಲ್ಲ. ಆದ್ದರಿಂದ ತಿದ್ದುವವರು ‘ಹೆವಿ’ ಎಂದು ಗೀಚುವ ಮೊದಲು ಒಮ್ಮೆ ಕೇಳುವುದು ಒಳ್ಳೆಯದು: ನೀರು ಜಾಸ್ತಿಯಾಗಿತ್ತೋ, ಗಾಳಿಯೂ ಇತ್ತೋ? ಅವತ್ತು ಆ ಹುಡುಗಿಗೆ ನಾನು ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ.

ಹೆಜ್ಜೆ 2: ವಿರುದ್ಧ ಪದ ಕೇಳಿ

ಒಂದೇ ವಿಶೇಷಣಕ್ಕೆ ಬೇರೆ ಬೇರೆ ಪದಗಳ ಪಕ್ಕದಲ್ಲಿ ಬೇರೆ ಬೇರೆ ವಿರುದ್ಧ ಪದಗಳಿರುತ್ತವೆ. ಇದು ಕಾಗದ ಪೆನ್ನು ಇಲ್ಲದೆಯೂ ಮಾಡಬಹುದಾದ ಪರೀಕ್ಷೆ. ‘ಹೆವಿ ರೇನ್’ಗೆ ವಿರುದ್ಧ ‘ಲೈಟ್ ರೇನ್’. ‘ಸ್ಟ್ರಾಂಗ್ ಟೀ’ಗೆ ವಿರುದ್ಧ ‘ವೀಕ್ ಟೀ’. ‘ಸ್ಟ್ರಾಂಗ್ ಆ್ಯಕ್ಸೆಂಟ್’ಗೆ ‘ಸ್ಲೈಟ್ ಆ್ಯಕ್ಸೆಂಟ್’. ‘ವೀಕ್ ರೇನ್’ ಎಂದು ಹೇಳಿಕೊಂಡು ನೋಡಿ, ನಾಲಿಗೆ ತಡೆಯುತ್ತದೆ. ‘ವೀಕ್’ ಹತ್ತಿರ ಸೇರದ ನಾಮಪದದ ಜೊತೆ ‘ಸ್ಟ್ರಾಂಗ್’ ಇಡುವ ಮುನ್ನ ಎರಡು ಸಲ ಯೋಚಿಸಿ.

ಯೋಚಿಸಿ ಎಂದೆ, ಬಿಡಿ ಎನ್ನಲಿಲ್ಲ. ಯಾಕೆಂದರೆ ಈ ಪರೀಕ್ಷೆಗೆ ಒಂದು ಮಿತಿ ಇದೆ. ಗಾಳಿಯ ಸಂಗತಿ ನೋಡಿ. ‘ಸ್ಟ್ರಾಂಗ್ ವಿಂಡ್’ ಸರಿ, ಆದರೆ ಅದರ ವಿರುದ್ಧ ಸಾಮಾನ್ಯವಾಗಿ ‘ಲೈಟ್ ವಿಂಡ್’, ‘ವೀಕ್ ವಿಂಡ್’ ಅಲ್ಲ. ಒಂದು ತುದಿಯಲ್ಲಿ ಬಲದ ಪದ, ಇನ್ನೊಂದು ತುದಿಯಲ್ಲಿ ತೂಕದ ಪದ. ಭಾಷೆ ತಕ್ಕಡಿ ಹಿಡಿದು ಜೋಡಿಗಳನ್ನು ಮಾಡಿಲ್ಲ. ಈ ಪರೀಕ್ಷೆಯಿಂದ ಅನುಮಾನ ಹುಟ್ಟಿಸಿಕೊಳ್ಳಬಹುದು, ತೀರ್ಪು ಕೊಡಲಾಗದು.

ಹೆಜ್ಜೆ 3: ಜೋಡಿಯನ್ನು ಅಲುಗಾಡಿಸಿ ನೋಡಿ

ವಿಶೇಷಣವನ್ನು ನಾಮಪದದ ಹಿಂದಕ್ಕೆ ಕಳಿಸಿ, ಆಮೇಲೆ ಇಡೀ ಜೋಡಿಯನ್ನು ಕ್ರಿಯಾಪದ ಮಾಡಿ. ‘ದ ರೇನ್ ವಾಸ್ ಹೆವಿ’ ಸರಿ. ‘ಇಟ್ ರೇನ್ಡ್ ಹೆವಿಲಿ’ ಸರಿ. ಈಗ ಅತಿಯಾಗಿ ಸಿಗರೇಟು ಸೇದುವವರಿಗೆ ಹೇಳುವ ‘ಹೆವಿ ಸ್ಮೋಕರ್’ ತೆಗೆದುಕೊಳ್ಳಿ. ‘ಹಿ ಸ್ಮೋಕ್ಸ್ ಹೆವಿಲಿ’ ಸರಿ. ಆದರೆ ‘ದ ಸ್ಮೋಕರ್ ವಾಸ್ ಹೆವಿ’ ಎಂದ ತಕ್ಷಣ ಅರ್ಥ ಜಾರಿ ಆ ಮನುಷ್ಯ ದಪ್ಪಗಿದ್ದ ಎಂದಾಗುತ್ತದೆ. ಇಲ್ಲಿ ‘ಹೆವಿ’ ಅಂಟಿಕೊಂಡಿರುವುದು ಸೇದುವ ಕ್ರಿಯೆಗೆ, ಸೇದುವವನ ಮೈಗಲ್ಲ. ಜಾಗ ಬದಲಿಸಿದರೆ ಅಂಟು ಬಿಡುತ್ತದೆ. ಹೀಗೆ ಅಲುಗಾಡಿಸಿದಾಗ ಅರ್ಥ ಜಾರುವ ಜೋಡಿಗಳಲ್ಲಿ ಸಮಾನಾರ್ಥಕ ಪದ ಇಡಲು ಹೋಗಲೇಬೇಡಿ.

ಕ್ರಿಯಾಪದದ ರೂಪದಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ. ‘ಇಟ್ ರೇನ್ಡ್ ಹಾರ್ಡ್’ ಎಂಬುದು ಪೂರ್ತಿ ಸಹಜ. ನಾಮಪದದ ಮುಂದೆ ‘ಹಾರ್ಡ್ ರೇನ್’ ಅಷ್ಟು ಸಾಮಾನ್ಯವಲ್ಲ, ಕ್ರಿಯಾಪದದ ಪಕ್ಕದಲ್ಲಿ ‘ಹಾರ್ಡ್’ ದಿನನಿತ್ಯದ ಮಾತು. ಇಲ್ಲಿ ಎಚ್ಚರಿಕೆ ಬೇಕಾದದ್ದು ‘ಲಿ’ ಸೇರಿಸುವ ಅಭ್ಯಾಸದ ಬಗ್ಗೆ. ‘ಹೆವಿ’ಗೆ ‘ಹೆವಿಲಿ’ ಆದಂತೆ ‘ಹಾರ್ಡ್’ಗೆ ‘ಹಾರ್ಡ್ಲಿ’ ಎಂದುಕೊಂಡು ‘ಇಟ್ ಹಾರ್ಡ್ಲಿ ರೇನ್ಡ್’ ಎಂದು ಬರೆದರೆ, ಮಳೆಯೇ ಸರಿಯಾಗಿ ಬರಲಿಲ್ಲ ಎಂಬ ಅರ್ಥ ಬರುತ್ತದೆ. ಹೇಳಬೇಕಾದ್ದಕ್ಕೆ ಪೂರ್ತಿ ವಿರುದ್ಧ.

ಹೆಜ್ಜೆ 4: ಪಕ್ಕದ ಮನೆಯ ನಾಮಪದಕ್ಕೆ ಅದೇ ನಿಯಮ ಹಾಕಬೇಡಿ

ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ತಪ್ಪುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

‘ರೇನ್’ ಮತ್ತು ‘ರೇನ್‌ಫಾಲ್’ ಒಂದೇ ಎನಿಸುತ್ತದೆ. ‘ಹೆವಿ’ ಎರಡಕ್ಕೂ ಹೊಂದುತ್ತದೆ. ಆದರೆ ‘ಹೈ ರೇನ್‌ಫಾಲ್’ ಎನ್ನಬಹುದು, ‘ಹೈ ರೇನ್’ ಎನ್ನಲಾಗದು. ಕಾರಣ ಹುಡುಕಿದರೆ ಸಿಗುತ್ತದೆ. ‘ರೇನ್’ ಎಂದರೆ ಬೀಳುತ್ತಿರುವ ನೀರು. ‘ರೇನ್‌ಫಾಲ್’ ಎಂದರೆ ಬಿದ್ದದ್ದನ್ನು ಅಳೆದು ಬರೆದ ಪ್ರಮಾಣವೂ ಹೌದು. ಪ್ರಮಾಣ ಒಂದು ಅಂಕಿ, ಅಂಕಿ ಮೇಲಕ್ಕೆ ಹೋಗುತ್ತದೆ, ಕೆಳಗಿಳಿಯುತ್ತದೆ. ಹಾಗಾಗಿ ‘ಹೈ’ ಮತ್ತು ‘ಲೋ’. ಕನ್ನಡದಲ್ಲಿ ‘ಮಳೆಯ ಪ್ರಮಾಣ ಹೆಚ್ಚು’ ಎನ್ನುವಾಗ ನಾವೂ ಇದನ್ನೇ ಮಾಡುತ್ತೇವೆ.

ಇಷ್ಟಕ್ಕೇ ಮುಗಿಯಲಿಲ್ಲ. ‘ಹೆವಿ ರೇನ್‌ಫಾಲ್’ ಮತ್ತು ‘ಹೈ ರೇನ್‌ಫಾಲ್’ ಎರಡೂ ಸರಿಯಾದರೂ ಅವು ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ನಿನ್ನೆ ರಾತ್ರಿ ಬಂದದ್ದು ‘ಹೆವಿ ರೇನ್‌ಫಾಲ್’. ವರ್ಷವಿಡೀ ಸರಾಸರಿ ಜಾಸ್ತಿ ಮಳೆಯಾಗುವ ಪ್ರದೇಶ ‘ಹೈ ರೇನ್‌ಫಾಲ್’ ಪ್ರದೇಶ. ಒಂದು ಘಟನೆ, ಇನ್ನೊಂದು ಸ್ಥಿತಿ. ಸಮಾನಾರ್ಥಕ ಎಂದು ಬದಲಾಯಿಸಿದರೆ ಈ ಸಲ ಕಿವಿಗೆ ಚುಚ್ಚುವುದಿಲ್ಲ, ಸುಮ್ಮನೆ ಸುದ್ದಿ ಬದಲಾಗಿಬಿಡುತ್ತದೆ. ನನ್ನ ಮಟ್ಟಿಗೆ ‘ಸ್ಟ್ರಾಂಗ್ ರೇನ್’ಗಿಂತ ಇದು ಹೆಚ್ಚು ಅಪಾಯದ ತಪ್ಪು. ಅಸಹಜವಾದದ್ದನ್ನು ಓದುಗ ಗುರುತಿಸಿ ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾನೆ. ಸಹಜವಾಗಿ ಕೇಳುವ ತಪ್ಪನ್ನು ನಂಬಿಬಿಡುತ್ತಾನೆ.

ಇದೇ ಕಾರಣಕ್ಕೆ ಮಳೆಯ ಜೋಡಿಯನ್ನು ಮಂಜಿಗೂ ಜ್ವರಕ್ಕೂ ಎಳೆದುಕೊಂಡು ಹೋಗಬಾರದು. ದಟ್ಟ ಮಂಜು ಇಂಗ್ಲಿಷಿನಲ್ಲಿ ‘ಥಿಕ್ ಫಾಗ್’ ಅಥವಾ ‘ಡೆನ್ಸ್ ಫಾಗ್’. ವಿಪರೀತ ಜ್ವರ ‘ಹೈ ಫೀವರ್’. ನಮ್ಮ ಮಾತಿನಲ್ಲಿ ‘ಹೆವಿ ಜ್ವರ’ ಎಂದು ಸಲೀಸಾಗಿ ಬರುವುದರಿಂದ ‘ಹೆವಿ ಫೀವರ್’ ಎಂದು ಬರೆದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಜ್ವರವೆಂದರೆ ಏರಿದ ಉಷ್ಣತೆ, ಅದಕ್ಕೆ ಎತ್ತರದ ಪದ.

ಹೆಜ್ಜೆ 5: ಎಣಿಸಿ, ಆಮೇಲೆ ಎಣಿಸಿದ್ದನ್ನು ಓದಿ

ಮೇಲಿನವೆಲ್ಲ ಕಿವಿಯ ಪರೀಕ್ಷೆಗಳು. ಇಂಗ್ಲಿಷ್ ನಮ್ಮ ಮನೆಮಾತಲ್ಲದಿದ್ದರೆ ಕಿವಿಯೊಂದನ್ನೇ ನಂಬಿ ಕೂರಲಾಗದು. ಆಗ ಸಾವಿರಾರು ಜನ ಬರೆದದ್ದನ್ನು ಎಣಿಸಿ ನೋಡಬೇಕು. ಅದಕ್ಕೆ ಸುಲಭವಾಗಿ ಸಿಗುವ ಸಾಧನ ಗೂಗಲ್ ಬುಕ್ಸ್‌ನ ಎನ್‌ಗ್ರಾಮ್ ವ್ಯೂವರ್. ಮುದ್ರಿತ ಪುಸ್ತಕಗಳಲ್ಲಿ ಒಂದು ಪದಗುಚ್ಛ ವರ್ಷದಿಂದ ವರ್ಷಕ್ಕೆ ಎಷ್ಟು ಬಳಕೆಯಲ್ಲಿತ್ತು ಎಂಬುದನ್ನು ಅದು ಗೆರೆ ಎಳೆದು ತೋರಿಸುತ್ತದೆ. ಎರಡು ಜೋಡಿಗಳನ್ನು ಅಲ್ಪವಿರಾಮ ಹಾಕಿ ಬರೆಯಿರಿ:

```
heavy rain,strong rain
```

ಒಂದು ಗೆರೆ ಮೇಲೆ ಹರಿಯುತ್ತದೆ, ಇನ್ನೊಂದು ತಳಕ್ಕೆ ಅಂಟಿಕೊಂಡಿರುತ್ತದೆ. ಆದರೆ ಹೀಗೆ ಹುಡುಕಲು ಎರಡೂ ಪದ ನಿಮಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದ ಪದ ಬೇಕಾದರೆ ಜಾಗ ಖಾಲಿ ಬಿಟ್ಟು ಕೇಳಬಹುದು:

```
*_ADJ rain
```

ನಕ್ಷತ್ರದ ಜಾಗದಲ್ಲಿ ‘ರೇನ್’ ಮುಂದೆ ಹೆಚ್ಚು ಬರುವ ವಿಶೇಷಣಗಳು ತಾವಾಗಿ ಮೂಡುತ್ತವೆ. ಮೊದಲ ಹೆಜ್ಜೆಯಲ್ಲಿ ನಾಮಪದದಿಂದ ಹೊರಡಿ ಎಂದೆನಲ್ಲ, ಅದನ್ನೇ ಯಂತ್ರದಿಂದ ಮಾಡಿಸುವ ವಿಧಾನ ಇದು.

ಇಲ್ಲಿ ಆಗುವ ತಪ್ಪುಗಳು ಮುಖ್ಯವಾಗಿ ಎರಡು. ಒಂದು, ಬರಿಯ ಸಂಖ್ಯೆ ನೋಡಿ ‘ಇದೂ ಸಿಗುತ್ತದೆ, ಹಾಗಾದರೆ ಸರಿ’ ಎಂದುಬಿಡುವುದು. ದೊಡ್ಡ ಸಂಗ್ರಹದಲ್ಲಿ ಯಾವ ಎರಡು ಪದಗಳನ್ನು ಹುಡುಕಿದರೂ ಎಲ್ಲೋ ಒಂದೆಡೆ ಸಿಕ್ಕೇ ಸಿಗುತ್ತವೆ. ನೋಡಬೇಕಾದ್ದು ಪಕ್ಕದ ಜೋಡಿಗೆ ಹೋಲಿಸಿದರೆ ಎಷ್ಟು ಎಂಬುದನ್ನು. ಎರಡನೆಯದು, ಅದೇ ಜೋಡಿಯನ್ನು ಗೂಗಲ್ ಬುಕ್ಸ್‌ನಲ್ಲಿ ಹುಡುಕಿ, ಸಿಕ್ಕ ಸಾಲುಗಳನ್ನು ಓದದೇ ಇರುವುದು. ‘ಸ್ಟ್ರಾಂಗ್ ರೇನ್’ ಎಂದು ಹುಡುಕಿದಾಗ ‘ಸ್ಟ್ರಾಂಗ್ ರೇನ್-ಬೇರಿಂಗ್ ವಿಂಡ್ಸ್’ ಎಂಬ ಸಾಲೂ ಬರಬಹುದು. ಅಂದರೆ ಮಳೆ ಹೊತ್ತು ತರುವ ಬಲವಾದ ಗಾಳಿ. ಅಲ್ಲಿ ‘ಸ್ಟ್ರಾಂಗ್’ ಗಾಳಿಗೆ ಸೇರಿದ್ದು, ಮಳೆಗಲ್ಲ. ಎರಡು ಪದ ಪಕ್ಕಪಕ್ಕ ನಿಂತ ಮಾತ್ರಕ್ಕೆ ಅವು ಜೋಡಿ ಅಲ್ಲ. ಹತ್ತಿಪ್ಪತ್ತು ಸಾಲುಗಳನ್ನಾದರೂ ಕಣ್ಣಾರೆ ಓದಿ, ವಿಶೇಷಣ ಯಾವ ನಾಮಪದವನ್ನು ಹಿಡಿದಿದೆ ಎಂದು ಬೆರಳಿಟ್ಟು ನೋಡಿ.

ಸಾಮಾನ್ಯ ಗೂಗಲ್ ಹುಡುಕಾಟದಲ್ಲಿ ತೋರಿಸುವ ಫಲಿತಾಂಶಗಳ ಸಂಖ್ಯೆಯನ್ನು ಈ ಕೆಲಸಕ್ಕೆ ಬಳಸಬೇಡಿ. ಅದು ಅಂದಾಜು ಮಾತ್ರ, ಎಣಿಕೆಯಲ್ಲ.

ಒಂದು ವಾಕ್ಯವನ್ನು ಕೂತು ತಿದ್ದೋಣ

ತಿದ್ದಲು ಬಂದ ಒಂದು ವರದಿಯಲ್ಲಿ ಈ ಧಾಟಿಯ ವಾಕ್ಯವಿತ್ತು: ‘ಹೆವಿ ರೇನ್ ಲೆಡ್ ಟು ಹೆವಿ ಟ್ರಾಫಿಕ್ ಅಂಡ್ ಹೆವಿ ಲಾಸಸ್.’ ಮೂರು ‘ಹೆವಿ’. ಬರೆದವರಿಗೆ ಅದು ಮುಜುಗರವಾಗಿ ಸಮಾನಾರ್ಥಕ ಕೋಶದ ಸಹಾಯದಿಂದ ಹೀಗೆ ಮಾಡಿದ್ದರು: ‘ಸ್ಟ್ರಾಂಗ್ ರೇನ್ ಲೆಡ್ ಟು ವೆಯ್ಟಿ ಟ್ರಾಫಿಕ್ ಅಂಡ್ ಹೆವಿ ಲಾಸಸ್.’ ಮೊದಲು ವಾಕ್ಯದಲ್ಲಿ ಒಂದೇ ದೋಷವಿತ್ತು, ಪುನರುಕ್ತಿ. ಈಗ ಪುನರುಕ್ತಿ ಹೋಗಿ ಎರಡು ತಪ್ಪು ಜೋಡಿ ಬಂದವು.

ಒಂದೊಂದಾಗಿ ತೆಗೆದುಕೊಳ್ಳೋಣ. ಮೊದಲನೆಯದು ಮಳೆ. ಬರೆದವರನ್ನು ಕೇಳಿದೆ, ಗಾಳಿ ಇರಲಿಲ್ಲ, ಮೂರು ಗಂಟೆ ಸುರಿಯಿತು ಎಂದರು. ಹಾಗಾಗಿ ‘ಡ್ರೈವಿಂಗ್’ ಬೇಡ. ‘ಟೊರೆನ್ಶಿಯಲ್’ ಹಾಕಬಹುದೇ? ಹಾಕಿದರೆ ಮಳೆಯ ಮಟ್ಟ ಏರುತ್ತದೆ. ವರದಿಯಲ್ಲಿ ಇಲ್ಲದ ತೀವ್ರತೆಯನ್ನು ಪುನರುಕ್ತಿ ತಪ್ಪಿಸಲು ತುಂಬುವುದು ಸರಿಯಲ್ಲ. ಆದ್ದರಿಂದ ವಿಶೇಷಣ ಬಿಟ್ಟು ಕ್ರಿಯಾಪದದ ಕಡೆ ಹೋದೆವು: ‘ಇಟ್ ರೇನ್ಡ್ ಹಾರ್ಡ್ ಫಾರ್ ತ್ರೀ ಅವರ್ಸ್.’ ಮೂರನೆಯ ಹೆಜ್ಜೆ ಇಲ್ಲಿ ಕೆಲಸಕ್ಕೆ ಬಂತು.

ಮೂರನೆಯದಾದ ನಷ್ಟದಲ್ಲಿ ಕೈಯಾಡಿಸಲು ಜಾಗ ಜಾಸ್ತಿ. ‘ಲಾಸಸ್’ ಎಂಬುದು ಉದಾರವಾದ ನಾಮಪದ. ‘ಹೆವಿ’, ‘ಹ್ಯೂಜ್’, ‘ಸಿವಿಯರ್’, ‘ಸಬ್‌ಸ್ಟ್ಯಾನ್ಶಿಯಲ್’ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ವರದಿಯ ಧಾಟಿಗೆ ‘ಸಬ್‌ಸ್ಟ್ಯಾನ್ಶಿಯಲ್’ ಒಪ್ಪಿತು. ‘ಸ್ಟ್ರಾಂಗ್ ಲಾಸಸ್’ ಮಾತ್ರ ಬೇಡ ಎಂದೆ. ಲಾಭ ನಷ್ಟಗಳ ಪೈಕಿ ‘ಸ್ಟ್ರಾಂಗ್’ ಹೆಚ್ಚಾಗಿ ಒಳ್ಳೆಯ ಫಲಿತಾಂಶದ ಕಡೆ ವಾಲುವ ಪದ. ‘ಸ್ಟ್ರಾಂಗ್ ಗ್ರೋತ್’, ‘ಸ್ಟ್ರಾಂಗ್ ಸೇಲ್ಸ್’ ಎಂದು ಓದಿ ಅಭ್ಯಾಸವಾದ ಕಣ್ಣಿಗೆ ‘ಸ್ಟ್ರಾಂಗ್ ಲಾಸಸ್’ ಕಂಡರೆ ಒಂದು ಕ್ಷಣ ದಿಕ್ಕು ತಪ್ಪುತ್ತದೆ.

ಮಧ್ಯದ ಟ್ರಾಫಿಕ್ ಉಳಿಯಿತು. ‘ವೆಯ್ಟಿ’ ಅಂತೂ ಬೇಡವೇ ಬೇಡ. ಅದು ಹೊಣೆಗಾರಿಕೆ, ಚರ್ಚೆಯ ವಿಷಯ, ದಪ್ಪ ಗ್ರಂಥ ಇಂಥವುಗಳ ಪಕ್ಕದ ಪದ. ‘ಡೆನ್ಸ್ ಟ್ರಾಫಿಕ್’ ಇದೆ, ಆದರೆ ಅದು ವಾಹನಗಳು ಒತ್ತೊತ್ತಾಗಿರುವ ಚಿತ್ರ ಕೊಡುತ್ತದೆ. ಅವರಿಗೆ ಹೇಳಬೇಕಾಗಿದ್ದದ್ದು ವಾಹನಗಳ ಸಂಖ್ಯೆ ಹೆಚ್ಚಾಯಿತು ಎಂದು. ಅದಕ್ಕೆ ‘ಹೆವಿ’ಯೇ ಸರಿ. ಆದ್ದರಿಂದ ಅದನ್ನು ಮುಟ್ಟಲಿಲ್ಲ.

ಕೊನೆಗೆ ನಿಂತ ರೂಪ: ‘ಇಟ್ ರೇನ್ಡ್ ಹಾರ್ಡ್ ಫಾರ್ ತ್ರೀ ಅವರ್ಸ್. ಟ್ರಾಫಿಕ್ ವಾಸ್ ಹೆವಿ, ಅಂಡ್ ಟ್ರೇಡರ್ಸ್ ಸಫರ್ಡ್ ಸಬ್‌ಸ್ಟ್ಯಾನ್ಶಿಯಲ್ ಲಾಸಸ್.’ ಮೂರು ‘ಹೆವಿ’ಗಳಲ್ಲಿ ಒಂದು ಉಳಿಯಿತು. ಒಂದು ಕ್ರಿಯಾಪದಕ್ಕೆ ಜಾಗ ಬಿಟ್ಟಿತು, ಇನ್ನೊಂದನ್ನು ನಿಜವಾದ ಸಮಾನಾರ್ಥಕ ಪದದಿಂದ ಬದಲಿಸಿದೆವು. ಮೂರು ಜಾಗದಲ್ಲಿ ಮೂರು ಬೇರೆ ಬೇರೆ ತೀರ್ಮಾನ. ‘ಹೆವಿ’ಗೆ ಬದಲಿ ಏನು ಎಂದು ಒಂದೇ ಪ್ರಶ್ನೆ ಕೇಳಿದ್ದರೆ ಇದು ಆಗುತ್ತಿರಲಿಲ್ಲ.

ಕನ್ನಡಕ್ಕೆ ತರುವಾಗ

ಅನುವಾದದಲ್ಲಿ ಇದೇ ತೊಂದರೆ ಬೆನ್ನು ತಿರುಗಿಸಿಕೊಂಡು ಬರುತ್ತದೆ. ‘ಹೆವಿ’ ಕಂಡಲ್ಲೆಲ್ಲ ‘ಭಾರಿ’ ಎಂದು ಹಾಕುವ ಅಭ್ಯಾಸದಿಂದ ‘ಹೆವಿ ಸ್ಮೋಕರ್’ ‘ಭಾರಿ ಧೂಮಪಾನಿ’ ಆಗುತ್ತಾನೆ. ಅದನ್ನು ಜೋಡಿಯಾಗಿ ಬಿಚ್ಚಿ ‘ವಿಪರೀತ ಸಿಗರೇಟು ಸೇದುವವನು’ ಎನ್ನಬೇಕು. ‘ಹೆವಿ ಟ್ರಾಫಿಕ್’ ಅನ್ನು ‘ಭಾರಿ ವಾಹನಗಳ ಸಂಚಾರ’ ಎಂದರೆ ಇನ್ನೂ ದೊಡ್ಡ ಎಡವಟ್ಟು, ಅದು ಲಾರಿಗಳ ಓಡಾಟ ಎಂದಾಗುತ್ತದೆ. ‘ವಾಹನ ದಟ್ಟಣೆ’ ಎಂದರೆ ಸಾಕು, ‘ದಟ್ಟಣೆ’ಯ ಒಳಗೇ ಆ ‘ಹೆವಿ’ ಸೇರಿಕೊಂಡಿದೆ. ಇಂಗ್ಲಿಷಿನ ‘ಡೌನ್‌ಪೋರ್’ ಕೂಡ ಇಂಥದ್ದೇ ಪದ. ಜೋರು ಎಂಬುದು ಅದರ ಹೊಟ್ಟೆಯಲ್ಲೇ ಇದೆ.

ಹಾಗೆಯೇ ‘ಸ್ಟ್ರಾಂಗ್’ ಕಂಡಲ್ಲೆಲ್ಲ ‘ಬಲವಾದ’ ಬೇಡ. ‘ಸ್ಟ್ರಾಂಗ್ ವಿಂಡ್’ ನಮ್ಮಲ್ಲಿ ಬಲವಾದ ಗಾಳಿಯೂ ಹೌದು, ಬಿರುಸಿನ ಗಾಳಿಯೂ ಹೌದು. ‘ಸ್ಟ್ರಾಂಗ್ ಕ್ರಿಟಿಸಿಸಂ’ ಆದರೆ ಕಟುಟೀಕೆ. ‘ಸ್ಟ್ರಾಂಗ್ ಸಪೋರ್ಟರ್’ ಕಟ್ಟಾ ಬೆಂಬಲಿಗ. ‘ಕಟ್ಟಾ’ ಬೆಂಬಲಿಗನಿಗೂ ಅಭಿಮಾನಿಗೂ ವಿರೋಧಿಗೂ ಸಲ್ಲುತ್ತದೆ, ಆದರೆ ವೈರಿಯ ಮುಂದೆ ಮೊದಲು ನೆನಪಾಗುವುದು ‘ಬದ್ಧ’. ಬದ್ಧ ವೈರಿ ಇರುತ್ತಾನೆ, ಬದ್ಧ ಅಭಿಮಾನಿ ಇರುವುದಿಲ್ಲ.

ಬರೆದಿಟ್ಟುಕೊಳ್ಳುವ ರೀತಿ

‘ಹೆವಿ = ಭಾರಿ, ಸ್ಟ್ರಾಂಗ್ = ಬಲವಾದ’ ಎಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದೇ ಇಷ್ಟೆಲ್ಲ ತಪ್ಪಿಗೆ ಮೂಲ. ಆ ಹುಡುಗಿ ಆಮೇಲೊಮ್ಮೆ ಸಿಕ್ಕಾಗ ನಾನು ಅವಳ ಪುಸ್ತಕ ಇಸಿದುಕೊಂಡು ಒಂದು ಪುಟದ ಮೇಲೆ ‘ರೇನ್’ ಎಂದು ತಲೆಬರಹ ಹಾಕಿದೆ. ಕೆಳಗೆ ನಾಲ್ಕು ಸಾಲು ಬರೆದುಕೊಟ್ಟೆ. ಹೆಚ್ಚು: ಹೆವಿ, ಇನ್ನೂ ಹೆಚ್ಚು: ಟೊರೆನ್ಶಿಯಲ್. ಕಡಿಮೆ: ಲೈಟ್. ಗಾಳಿಯ ಜೊತೆ: ಡ್ರೈವಿಂಗ್. ಕ್ರಿಯಾಪದದಲ್ಲಿ: ರೇನ್ ಹೆವಿಲಿ, ರೇನ್ ಹಾರ್ಡ್. ಐದನೆಯ ಸಾಲನ್ನು ಅವಳೇ ಸೇರಿಸಿದಳು: ‘ಸ್ಟ್ರಾಂಗ್ ಬೇಡ, ಅದು ವಿಂಡ್ ಪುಟಕ್ಕೆ.’ ಬರೆದು ಮುಂದಿನ ಪುಟ ತಿರುಗಿಸಿ ‘ವಿಂಡ್’ ಎಂದು ತಲೆಬರಹ ಹಾಕಿದಳು.